ಭಾನುವಾರ ಕ್ಯೂ, ತಿಂಗಳ ಕೊನೆಗೆ ಗಲ್ಲಾ ಖಾಲಿ: ನಾಲ್ಕನೇ ಕುರ್ಚಿ ಹಾಕಿಸಲಾ?

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನಮ್ಮದೊಂದು ಯೂನಿಸೆಕ್ಸ್ ಸಲೂನ್. 3 ಕುರ್ಚಿ, ಫೇಶಿಯಲ್–ವ್ಯಾಕ್ಸಿಂಗಿಗೆ ಒಂದು ರೂಮ್. ಬೆಳಿಗ್ಗೆ 10ರಿಂದ ರಾತ್ರಿ 9, ಮಂಗಳವಾರ ರಜ. ಶನಿವಾರ, ಭಾನುವಾರ ಜನ ಕಾದು ಕಾದು ವಾಪಸ್ ಹೋಗುತ್ತಾರೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಂದು ಕುರ್ಚಿ ಹಾಕಿಸೋಣ ಅಂತಿದ್ದೇನೆ, ಕನ್ನಡಿ ಸೇರಿ 45 ಸಾವಿರ ಕೇಳುತ್ತಿದ್ದಾರೆ. ನೀವು ಹಿಂದೊಮ್ಮೆ ಬರೆದಂತೆ 4 ವಾರ ಪ್ರತಿ ಗಿರಾಕಿ ಕೂತ ಹೊತ್ತು, ಎದ್ದ ಹೊತ್ತು ಬರೆದಿಟ್ಟು ಕಳಿಸಿದ್ದೇನೆ. ನೋಡಿ ಹೇಳಿ.

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪುಸ್ತಕ ಪೂರ್ತಿ ನೋಡಿದೆ.

ಮೊದಲು ದೊಡ್ಡ ಲೆಕ್ಕ. 3 ಕುರ್ಚಿ, ದಿನಕ್ಕೆ 11 ಗಂಟೆ, ವಾರಕ್ಕೆ 6 ದಿನ, 4 ವಾರ. ಒಟ್ಟು 792 ಕುರ್ಚಿ-ಗಂಟೆ. ಇದು ನಿಮ್ಮ ಹತ್ತಿರ ಮಾರೋಕೆ ಇರುವ ಸರಕು, ಹೋದ ಗಂಟೆಯನ್ನು ನಾಳೆ ಮಾರೋಕೆ ಆಗಲ್ಲ. ಕುರ್ಚಿಗಳಿಂದ ಬಂದದ್ದು 1,98,000 ರೂಪಾಯಿ, ಅಂದರೆ ಒಂದು ಕುರ್ಚಿ-ಗಂಟೆಗೆ 250. ರೂಮಿಗೆ ಇದ್ದದ್ದು 264 ಗಂಟೆ, ಬಂದದ್ದು 39,600, ಗಂಟೆಗೆ 150. ಈಗ ಖರ್ಚು: ಬಾಡಿಗೆ, ಸಂಬಳ, ಕರೆಂಟು, ಸಾಲದ ಕಂತು ಎಲ್ಲ ಸೇರಿ 2,11,200. ಅದನ್ನು ಕುರ್ಚಿ, ರೂಮು ಸೇರಿದ 1,056 ಗಂಟೆಗೆ ಹಂಚಿದರೆ ಗಂಟೆಗೆ 200. ಕುರ್ಚಿ ಗಂಟೆಗೆ 50 ರೂಪಾಯಿ ಜಾಸ್ತಿ ದುಡೀತು, ರೂಮು ಗಂಟೆಗೆ 50 ತಿಂತು, ಎಲ್ಲ ಸೇರಿ ಉಳಿದ 26,400ರಲ್ಲಿ ಕಲರ್, ಕ್ರೀಮು, ಬ್ಲೇಡು ಅಂತ ಸುಮಾರು 24 ಸಾವಿರ ಹೋಯಿತು. ಅಲ್ಲಿಗೆ ಮುಗೀತು.

ಆದರೆ ಈ ಸರಾಸರಿ 250 ಇಟ್ಕೊಂಡು ಏನೂ ಮಾಡೋಕೆ ಆಗಲ್ಲ. ಅದನ್ನು ದಿನ ಮತ್ತು ಗಂಟೆ ಪ್ರಕಾರ ಒಡೆಯಬೇಕು. ಒಂದು ಹಾಳೆಯಲ್ಲಿ ಅಡ್ಡಕ್ಕೆ ವಾರದ ದಿನ, ಉದ್ದಕ್ಕೆ ಗಂಟೆ ಹಾಕಿ. ಒಂದೊಂದು ಮನೆಯಲ್ಲಿ ಎರಡು ಅಂಕಿ: ಕುರ್ಚಿ ಎಷ್ಟು ಹೊತ್ತು ತುಂಬಿತ್ತು, ಎಷ್ಟು ದುಡ್ಡು ಬಂತು. ಎರಡೂ ಬೇಕು, ಒಂದೇ ನೋಡಿದರೆ ಮೋಸ ಹೋಗ್ತೀರಿ.

ಇಲ್ಲೇ ಒಂದು ತಪ್ಪು ಆಗುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸೋದು ದುಡ್ಡು ಕೊಟ್ಟ ಸಮಯವನ್ನು, ಕೂತ ಸಮಯವನ್ನಲ್ಲ. ನಿಮ್ಮ ಪುಸ್ತಕದಲ್ಲೇ ನೋಡಿ, ಒಬ್ಬರು 10:30ಕ್ಕೆ ಕೂತು 12:10ಕ್ಕೆ ಎದ್ದಿದ್ದಾರೆ, ಕಲರ್ ಬಿಲ್ 1,500. ಬಿಲ್ ಪ್ರಕಾರ ಅಷ್ಟೂ 12 ಗಂಟೆಯ ಮನೆಗೆ ಹೋಗುತ್ತೆ. ನಿಜಕ್ಕೂ 100 ನಿಮಿಷಕ್ಕೆ ಹಂಚಿದರೆ 10ರ ಮನೆಗೆ 450, 11ಕ್ಕೆ 900, 12ಕ್ಕೆ 150. ಹಾಗೇ ಶಾಂಪೂ ಮಾರಿದ ದುಡ್ಡು, ಜಿಎಸ್‌ಟಿ ಇದಕ್ಕೆ ಸೇರಿಸಬೇಡಿ. ಪ್ಯಾಕೇಜ್ ಮಾರಿದ್ದರೆ ದುಡ್ಡು ತಗೊಂಡ ದಿನ ಬರೆಯಬೇಡಿ, ಸರ್ವಿಸ್ ಮಾಡಿದ ದಿನ ಬರೆಯಿರಿ.

ಈಗ ಹಾಳೆ ಏನು ಹೇಳುತ್ತೆ? ಬುಧವಾರ, ಗುರುವಾರ ಮಧ್ಯಾಹ್ನ 2ರಿಂದ 5: 4 ವಾರದಲ್ಲಿ 72 ಕುರ್ಚಿ-ಗಂಟೆ ಇತ್ತು, ತುಂಬಿದ್ದು 9. ಬಂದದ್ದು 3,600, ಅಂದರೆ ಗಂಟೆಗೆ 50. ಇದು ನಿಮಗೂ ಗೊತ್ತಿದ್ದದ್ದೇ, ಹುಡುಗರು ಮೊಬೈಲ್ ನೋಡ್ಕೊಂಡು ಕೂತಿರೋದು ಕಾಣುತ್ತಲ್ವಾ.

ಗೊತ್ತಿಲ್ಲದ್ದು ಇನ್ನೊಂದು. ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ 1. ಅಲ್ಲೂ 72 ಕುರ್ಚಿ-ಗಂಟೆ, 69 ತುಂಬಿತ್ತು. ಬಂದದ್ದು 20,700. ಕುರ್ಚಿ ತುಂಬಿದ್ದ ಒಂದು ಗಂಟೆಗೆ ಬರೀ 300. ಇಡೀ ತಿಂಗಳಲ್ಲಿ ಕುರ್ಚಿ ತುಂಬಿದ್ದು 475 ಗಂಟೆ, ಅದರ ಸರಾಸರಿ 417. ನಿಮ್ಮ ಅತಿ ಗದ್ದಲದ ಹೊತ್ತು ಸರಾಸರಿಗಿಂತ ಕಮ್ಮಿ ದುಡೀತಿದೆ! ಕಾರಣ ಸರಳ. ಅಲ್ಲಿ ಜಾಸ್ತಿ ಬರೋದು 150 ರೂಪಾಯಿಯ ಕಟಿಂಗ್, ಕತ್ತರಿ ಓಡೋದು 20 ನಿಮಿಷ ಆದರೂ ಬಟ್ಟೆ ಹೊದಿಸಿ, ತಲೆ ಒರೆಸಿ, ಮಾತಾಡಿ, ಫೋನ್‌ಪೇ ಮಾಡಿ ಏಳೋ ಹೊತ್ತಿಗೆ ಅರ್ಧ ಗಂಟೆ. ಮಧ್ಯೆ ಕಲರ್ ಹಚ್ಚಿಸಿಕೊಂಡವರು 35–40 ನಿಮಿಷ ಅದೇ ಕುರ್ಚಿಯಲ್ಲಿ ಸುಮ್ನೆ ಕೂತಿರ್ತಾರೆ. ನಿಮ್ಮ ಪುಸ್ತಕದಲ್ಲಿ ಈ ಹೊತ್ತಿನ ಕಲರ್ ಕಾಯೋ ಸಮಯ ಕೂಡಿಸಿದೆ, 11 ಗಂಟೆ. ಅಷ್ಟರಲ್ಲಿ 22 ಕಟಿಂಗ್, 3,300 ರೂಪಾಯಿ.

ಅದಕ್ಕೆ 45 ಸಾವಿರದ ಕುರ್ಚಿ ಯಾಕೆ? ಗೋಡೆ ಪಕ್ಕ ಒಂದು ಒಳ್ಳೆ ಸಾದಾ ಕುರ್ಚಿ ಹಾಕಿ, ಕಲರ್ ಹಚ್ಚಿದ ಮೇಲೆ ಅವರನ್ನು ಅಲ್ಲಿ ಕೂರಿಸಿ. ಕಲರ್ ಹಚ್ಚಿದ ಹುಡುಗ ಹೇಗೂ ಖಾಲಿ ಇರ್ತಾನೆ, ತಕ್ಷಣ ಒಂದು ಕಟಿಂಗ್ ಶುರು ಮಾಡಲಿ. ಫೋನಲ್ಲಿ ಟೈಮರ್ ಇಟ್ಟಿರಬೇಕು, ಕಟಿಂಗ್ ಮುಗಿದಿಲ್ಲ ಅಂತ ಕಲರ್ ತೊಳೆಯೋದು ತಡ ಆದರೆ ಆ ಗಿರಾಕಿ ಮತ್ತೆ ಬರಲ್ಲ. ನಾನೂ ನನ್ನ ಅಂಗಡಿಯಲ್ಲಿ ಹಿಂದೆ ನಾಲ್ಕನೇ ಕುರ್ಚಿ ಹಾಕಿಸಿದ್ದೆ, ವಾರದಲ್ಲಿ 5 ದಿನ ಅದರ ಮೇಲೆ ಟವೆಲ್ ಒಣಗುತ್ತಿತ್ತು.

ಉಳಿದ ಕ್ಯೂಗೆ, ಗಂಟೆಗಳನ್ನೇ ಸರಿಸಿ. ಕಟಿಂಗ್ ಮಾಡಿಸಿದವರು ಸ್ನಾನ ಆಗದೆ ಮನೆಯೊಳಗೆ ಏನೂ ಮುಟ್ಟೋ ಹಾಗಿಲ್ಲ, ತಿಂಡಿಗೆ ಮುಂಚೆ ಮುಗಿಸೋದು ಅವರಿಗೂ ಅನುಕೂಲ. ಭಾನುವಾರ 7ಕ್ಕೇ ಬಾಗಿಲು ತೆಗೆಯಿರಿ. ಅದಕ್ಕೆ ಬದಲಾಗಿ ಬುಧವಾರವೋ ಗುರುವಾರವೋ ಸರದಿ ಮೇಲೆ ಒಬ್ಬೊಬ್ಬರಿಗೆ ಮಧ್ಯಾಹ್ನ 2ರಿಂದ 5ರವರೆಗೆ ಬಿಡುವು ಕೊಡಿ. ಸಂಬಳ ಅಷ್ಟೇ, ಕೆಲಸದ ಗಂಟೆ ಅಷ್ಟೇ.

ಆ ಮಧ್ಯಾಹ್ನ ಉಳಿದ ಕುರ್ಚಿಗಳಿಗೆ ಎಲ್ಲಕ್ಕೂ ಡಿಸ್ಕೌಂಟ್ ಬೋರ್ಡ್ ಹಾಕಬೇಡಿ. ಉದ್ದದ ಕೆಲಸ ಮಾತ್ರ ಅಲ್ಲಿಗೆ ಕಳಿಸಿ. ನಿಮ್ಮ ಸ್ಮೂತನಿಂಗ್ 3,500, ಹಿಡಿಯೋದು 3 ಗಂಟೆ. 15% ಬಿಟ್ಟರೆ 2,975. ಪ್ರಾಡಕ್ಟ್ 900, ಹುಡುಗನ ಇನ್ಸೆಂಟಿವ್ ಸುಮಾರು 300 ಕಳೆದರೂ ಗಂಟೆಗೆ 590 ಉಳಿಯುತ್ತೆ, ಈಗ ಬರ್ತಿರೋದು 50. ಒಂದೇ ಎಚ್ಚರಿಕೆ: ಶನಿವಾರ ಪೂರ್ತಿ ರೇಟಿಗೆ ಬರ್ತಿದ್ದವರೇ ಬುಧವಾರಕ್ಕೆ ಬಂದು, ಶನಿವಾರದ ಆ ಜಾಗ ಖಾಲಿ ಉಳಿದರೆ ನಿಮಗೆ ನಷ್ಟವೇ. ಆದ್ದರಿಂದ ಎರಡೂ ದಿನದ ಮನೆ ಒಟ್ಟಿಗೆ ನೋಡಿ.

ರೂಮಿನ ಕಥೆ ಬೇರೆ. 264 ಗಂಟೆಯಲ್ಲಿ ತುಂಬಿದ್ದು 58, ಅಂದರೆ 22%. ಆದರೆ ತುಂಬಿದಾಗ ಗಂಟೆಗೆ ಸುಮಾರು 680 ದುಡಿದಿದೆ, ನಿಮ್ಮ ಯಾವ ಕುರ್ಚಿಗಿಂತಲೂ ಜಾಸ್ತಿ. ಮತ್ತೆ ಯಾಕೆ ಖಾಲಿ? ಪುಸ್ತಕದಲ್ಲಿ ನಾಲ್ಕೈದು ಕಡೆ ನೀವೇ ಬರೆದಿದ್ದೀರಿ, 'ಫೇಶಿಯಲ್ ಕೇಳಿದರು, ನಾಳೆ ಬನ್ನಿ ಅಂದೆ'. ಎಲ್ಲ ಶನಿವಾರ, ಭಾನುವಾರವೇ. ಫೇಶಿಯಲ್ ಮಾಡುವ ಮೇಡಂ ಆಗ ಹೊರಗೆ ಐಬ್ರೋ ಸಾಲು ಮುಗಿಸ್ತಿದ್ದರು. ಒಂದು ಐಬ್ರೋ 50 ರೂಪಾಯಿ, 10 ನಿಮಿಷ, ಗಂಟೆಗೆ 300. ಒಂದು ಫೇಶಿಯಲ್ 1,000, 75 ನಿಮಿಷ, ಗಂಟೆಗೆ 800. ಅಲ್ಲಿ ಕಮ್ಮಿ ಇದ್ದದ್ದು ಗಿರಾಕಿ ಅಲ್ಲ, ಕೈ. ಶನಿವಾರ, ಭಾನುವಾರಕ್ಕೆ ಮಾತ್ರ ಐಬ್ರೋಗೆ ಒಬ್ಬ ಹುಡುಗಿ ಸಿಕ್ಕರೆ ನೋಡಿ, ಇಲ್ಲವಾದರೆ ಫೇಶಿಯಲ್‌ಗೆ 11 ಮತ್ತು 12:30 ಅಂತ ಎರಡು ಹೊತ್ತು ಮೊದಲೇ ಬುಕ್ ಮಾಡ್ಕೊಳ್ಳಿ. ಇನ್ನು ಮುಂದೆ ಖಾಲಿ ಇದ್ದ ಪ್ರತಿ ಹೊತ್ತಿಗೂ 'ಗಿ' ಅಥವಾ 'ಕೈ' ಅಂತ ಒಂದು ಅಕ್ಷರ ಬರೆದಿಡಿ. 'ಗಿ' ಅಂದರೆ ಗಿರಾಕಿ ಇರಲಿಲ್ಲ, 'ಕೈ' ಅಂದರೆ ಮಾಡೋರು ಇರಲಿಲ್ಲ. ಎರಡಕ್ಕೂ ಮದ್ದು ಬೇರೆ.

ಬದಲಾವಣೆ ಮಾಡಿ 4 ವಾರ ಬಿಟ್ಟು ಮತ್ತೆ ಹಾಳೆ ಹಾಕಿ. ಮದುವೆ ಸೀಸನ್ ತಿಂಗಳನ್ನು ಆಷಾಢಕ್ಕೋ ಶ್ರಾವಣಕ್ಕೋ ಹೋಲಿಸಬೇಡಿ, ಶ್ರಾವಣದಲ್ಲಿ ಎಷ್ಟೋ ಗಂಡಸರು ಕಟಿಂಗ್ ಮಾಡಿಸೋದೇ ಇಲ್ಲ. ಅಮಾವಾಸ್ಯೆ ಭಾನುವಾರ ಬಿದ್ದರೆ ಆ ವಾರ ಬಿಟ್ಟುಬಿಡಿ. ಆಮೇಲೂ ಭಾನುವಾರ 7ರಿಂದ 1 ಪೂರ್ತಿ ತುಂಬಿ, ಜನ ವಾಪಸ್ ಹೋಗ್ತಿದ್ದರೆ ಆಗ ಕುರ್ಚಿ ಮಾತಾಡೋಣ. ಆಗಲೂ ಮೊದಲು ಕೇಳೋದು, ಅದರ ಹಿಂದೆ ನಿಲ್ಲೋಕೆ ಹುಡುಗ ಸಿಕ್ಕಿದ್ದಾನಾ ಅಂತ.