ನಾಮಿನಿ ಆದ ಮಾತ್ರಕ್ಕೆ ಫ್ಲಾಟ್ ಅಣ್ಣನದಾಗಲ್ಲ

> ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಮುಂಬೈ ಫ್ಲಾಟಿಗೆ ಅಣ್ಣ ನಾಮಿನಿ, ಸೊಸೈಟಿ ಶೇರ್ ಸರ್ಟಿಫಿಕೇಟ್ ಅವನ ಹೆಸರಿಗೆ ಮಾಡಿದೆ. ನನಗೂ ಅಮ್ಮನಿಗೂ ಏನೂ ಇಲ್ವಾ?

ಖಂಡಿತ ಇದೆ. ಸೊಸೈಟಿಗೆ ಮೆಂಟೆನೆನ್ಸ್ ಬಿಲ್ ಕಳಿಸೋಕೆ, ನೋಟಿಸ್ ಕೊಡೋಕೆ ಒಬ್ಬರು ಬೇಕು, ನಾಮಿನಿ ಅಂದ್ರೆ ಅಷ್ಟೇ. ಮಹಾರಾಷ್ಟ್ರದಲ್ಲಂತೂ 2019ರ ತಿದ್ದುಪಡಿಯ ನಂತರ, ವಾರಸುದಾರರು ಸದಸ್ಯರಾಗುವವರೆಗೆ ನಾಮಿನಿಯನ್ನು ತಾತ್ಕಾಲಿಕ ಸದಸ್ಯ ಅಂತ ಮಾತ್ರ ಸೇರಿಸಿಕೊಳ್ಳಬೇಕು.

2016ರ ಇಂದ್ರಾಣಿ ವಾಹಿ ತೀರ್ಪನ್ನು ನಿಮ್ಮಣ್ಣ ತೋರಿಸಬಹುದು, ಸುಮಾರು ಜನ ಅದನ್ನು ಅರ್ಧ ಓದಿ ವಾದಕ್ಕೆ ಇಳೀತಾರೆ. ಸೊಸೈಟಿ ನಾಮಿನಿ ಹೆಸರಿಗೇ ವರ್ಗಾಯಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಉಳಿದವರು ತಮ್ಮ ಹಕ್ಕನ್ನು ಬೇರೆ ದಾವೆ ಹಾಕಿ ಕೇಳಬಹುದು ಅಂತಲೂ ಅದೇ ತೀರ್ಪಿನಲ್ಲಿದೆ.

ಫ್ಲಾಟ್ ಅಪ್ಪನ ಸ್ವಂತ ದುಡಿಮೆಯದಾಗಿದ್ದು, ನೀವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟಿದ್ದರೆ ಅಮ್ಮ, ಅಣ್ಣ, ನೀವು ಮೂವರಿಗೂ ಸಮಪಾಲು. ನೀವು ಮದುವೆಯಾಗಿರೋ ಮಗಳಾದ್ರೂ ಅಷ್ಟೇ. ಅಜ್ಜಿ, ಅಂದ್ರೆ ಅಪ್ಪನ ಅಮ್ಮ, ಅಪ್ಪ ತೀರಿಕೊಂಡಾಗ ಬದುಕಿದ್ದರೆ ಪಾಲು ನಾಲ್ಕಾಗುತ್ತೆ, ಇದನ್ನು ಎಲ್ಲರೂ ಮರೀತಾರೆ.

ಅಣ್ಣ ಒಬ್ಬನೇ ಮಾರಲು ಹೋದರೆ, ಕೊಳ್ಳುವವರಿಗೆ ಸಾಲ ಕೊಡೋ ಬ್ಯಾಂಕು ಎಚ್ಚರದಿಂದಿದ್ದರೆ ನಿಮ್ಮಿಬ್ಬರ ನೋಂದಾಯಿತ ರಿಲೀಸ್ ಡೀಡ್, ಅಂದ್ರೆ ಪಾಲು ಬಿಟ್ಟುಕೊಟ್ಟ ಪತ್ರ, ಕೇಳುತ್ತೆ. "ಸೊಸೈಟಿ ಫಾರ್ಮ್ ಅಷ್ಟೇ" ಅಂತ ಹೇಳಿ ಅಮ್ಮನ ಕೈಲಿ ಸಹಿ ಹಾಕಿಸುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಓದದೆ ಸಹಿ ಹಾಕಬೇಡಿ. ಈಗಲೇ ಸೊಸೈಟಿ ಕಾರ್ಯದರ್ಶಿಗೆ ಆಕ್ಷೇಪಣೆ ಬರೆದುಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಣ್ಣ ಮಾತಿಗೆ ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ಹಾಕಿ, ಜೊತೆಗೆ ಮಾರದಂತೆ ತಡೆಯಾಜ್ಞೆ ಕೇಳಿ.