ಒಂದೇ ಮೆಷಿನ್ ಇಬ್ಬರಿಗೆ ಬುಕ್ ಆಗಿದ್ದನ್ನು ಶೀಟ್‌ನಲ್ಲೇ ಹಿಡಿಯುವುದು

*"ನಮ್ಮ ಎರಡು ಅಡಿಕೆ ಸುಲಿಯೋ ಮೆಷಿನ್‌ಗಳ ಬುಕ್ಕಿಂಗ್ ಶೀಟ್‌ನಲ್ಲಿ ಬರೆದಿಡ್ತೀವಿ. ಒಂದೇ ದಿನಕ್ಕೆ ಇಬ್ಬರಿಗೆ ಕೊಟ್ಟುಬಿಟ್ಟರೆ ಶೀಟೇ ತೋರಿಸೋ ಹಾಗೆ ಮಾಡಬಹುದಾ?"*

ಮಾಡಬಹುದು. ಎರಡು ವರ್ಷದ ಹಿಂದೆ ನಮ್ಮಲ್ಲೂ ಹೀಗೇ ಆಯಿತು. ಅಡಿಕೆ ಕೊನೆ ಇಳಿಸಿ ಅಂಗಳದಲ್ಲಿ ರಾಶಿ ಹಾಕಿದ ಮೇಲೆ ಮೆಷಿನ್ ಇನ್ನೊಬ್ಬರ ಮನೆಯಲ್ಲಿದೆ ಅಂತ ಗೊತ್ತಾಯಿತು. ಹಸಿ ಅಡಿಕೆ ಕಾಯುವುದಿಲ್ಲ. ಅವತ್ತಿಂದ ಈ ಸೂತ್ರ ಇಟ್ಟುಕೊಂಡಿದ್ದೇನೆ.

A ಕಾಲಂನಲ್ಲಿ ಮೆಷಿನ್, B ಯಲ್ಲಿ ಹೆಸರು, C ಶುರುವಾಗುವ ದಿನ, D ಮುಗಿಯುವ ದಿನ ಅಂತ ಇಟ್ಟುಕೊಳ್ಳಿ. E2 ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=IF($A2="","",COUNTIFS($A$2:$A$200,$A2,
 $C$2:$C$200,"<="&$D2,
 $D$2:$D$200,">="&$C2))
```

ಇದರ ಒಳಗುಟ್ಟು ಇಷ್ಟೇ. ಎರಡು ಬುಕ್ಕಿಂಗ್ ಡಿಕ್ಕಿ ಹೊಡೆಯದೇ ಇರಬೇಕಾದರೆ ಎರಡೇ ದಾರಿ: ಇನ್ನೊಬ್ಬರದು ನನ್ನದು ಶುರುವಾಗುವ ಮೊದಲೇ ಮುಗಿದಿರಬೇಕು, ಇಲ್ಲವೇ ನನ್ನದು ಮುಗಿದ ಮೇಲೆ ಶುರುವಾಗಬೇಕು. ಎರಡೂ ಅಲ್ಲ ಅಂದರೆ ಡಿಕ್ಕಿ. ಅದಕ್ಕೇ ಅವರ ಶುರುವನ್ನು ನನ್ನ ಕೊನೆಯ ದಿನಕ್ಕೆ, ಅವರ ಕೊನೆಯನ್ನು ನನ್ನ ಶುರುವಿಗೆ ಹೋಲಿಸುತ್ತೇವೆ.

ಒಂದು ಲೆಕ್ಕ ನೋಡಿ. ಎಲ್ಲ ಡಿಸೆಂಬರ್ ತಿಂಗಳದ್ದೇ. ಸಾಲು 2: ಮೆಷಿನ್ 1, 3ರಿಂದ 6. ಸಾಲು 3: ಮೆಷಿನ್ 1, 8ರಿಂದ 10. ಸಾಲು 4: ಮೆಷಿನ್ 1, 5ರಿಂದ 9. ಸಾಲು 5: ಮೆಷಿನ್ 2, 5ರಿಂದ 7. ಉತ್ತರ ಕ್ರಮವಾಗಿ 2, 2, 3, 1 ಬರುತ್ತದೆ. ಪ್ರತಿ ಸಾಲೂ ತನ್ನನ್ನೇ ಒಂದು ಸಲ ಎಣಿಸಿಕೊಳ್ಳುವುದರಿಂದ 1 ಬಂದರೆ ಸರಿಯಿದೆ, ಅದಕ್ಕಿಂತ ಜಾಸ್ತಿ ಬಂದರೆ ಗಲಾಟೆ. ಇಲ್ಲಿ 3 ಬಂದಿರುವ ಸಾಲು 4 ಎರಡೂ ಕಡೆ ತಗಲಿಕೊಂಡಿದೆ. ಅದೊಂದನ್ನು ಬೇರೆ ದಿನಕ್ಕೆ ಹಾಕಿದರೆ ಮೂವರ ತಕರಾರೂ ಮುಗಿಯಿತು.

ಇದೇ ಪ್ರಶ್ನೆಗೆ ಇನ್ನೊಬ್ಬರು ಶುರುವಿನ ದಿನದ ಕಾಲಂಗೆ ಮಾತ್ರ COUNTIF ಹಾಕಿ ಅಂದಿದ್ದಾರೆ. ಅದೇ ದಿನ ಶುರುವಾಗುವ ಬುಕ್ಕಿಂಗ್ ಅದರಲ್ಲಿ ಸಿಗುತ್ತದೆ, ಅಷ್ಟು ನಿಜ. ಆದರೆ ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ: ಮೆಷಿನ್ 1ರ ಮೂರು ಬುಕ್ಕಿಂಗ್ 3, 8, 5ಕ್ಕೆ ಶುರುವಾಗುವುದರಿಂದ ಅವುಗಳ ಡಿಕ್ಕಿ ಒಂದೂ ಸಿಗುವುದಿಲ್ಲ. ಬೇರೆ ಬೇರೆ ಮೆಷಿನ್ ಆಗಿದ್ದರೂ 5ಕ್ಕೆ ಶುರುವಾಗುವ ಸಾಲು 4 ಮತ್ತು 5 ಸುಮ್ನೆ ಸಿಕ್ಕಿಬೀಳುತ್ತವೆ.

ಹೋಂಸ್ಟೇ ನಡೆಸುವ ಅಕ್ಕ, ರೂಮಿನ ಬುಕ್ಕಿಂಗ್‌ಗೆ ಇಂಥದ್ದೇ ಸೂತ್ರ ಹಾಕಿದಾಗ "ನನ್ನ ಶೀಟ್‌ನಲ್ಲಿ ಎಲ್ಲಾ ಸಾಲೂ ಕೆಂಪಾಯ್ತು" ಅಂದಿದ್ದೀರಿ. ನಿಮ್ಮ ಕೇಸೇ ಬೇರೆ ಅಕ್ಕಾ. ನಿಮ್ಮಲ್ಲಿ 6ನೇ ತಾರೀಖು ಬೆಳಿಗ್ಗೆ ಒಬ್ಬರು ಹೋದ ರೂಮಿಗೆ ಮಧ್ಯಾಹ್ನ ಇನ್ನೊಬ್ಬರು ಬರಬಹುದು ಅಲ್ವಾ? ಹಾಗಾಗಿ ಸಮ ಚಿಹ್ನೆ ತೆಗೆದು `"<"&$D2` ಮತ್ತು `">"&$C2` ಅಂತ ಹಾಕಿ. ನಮ್ಮ ಮೆಷಿನ್ ಸಂಜೆವರೆಗೂ ಓಡುತ್ತದೆ, ಆದ್ದರಿಂದ ಸಮ ಚಿಹ್ನೆ ಇರಲೇಬೇಕು.

ಈಗ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವ ವಿಷಯ: ತಾರೀಖು. E ಯಲ್ಲಿ 0 ಬಂದರೆ ಆ ಸಾಲು ತನ್ನನ್ನೇ ಎಣಿಸಿಕೊಂಡಿಲ್ಲ ಅಂತ ಅರ್ಥ. ಮುಗಿಯುವ ದಿನ ಶುರುವಿಗಿಂತ ಹಿಂದೆ ಬಿದ್ದಿರುತ್ತದೆ, ಖಾಲಿ ಇರುತ್ತದೆ, ಅಥವಾ ತಾರೀಖು ಬರೀ ಅಕ್ಷರವಾಗಿ ಕೂತಿರುತ್ತದೆ. ಶೀಟ್ ಅಮೆರಿಕದ ಕ್ರಮದಲ್ಲಿದ್ದರೆ 13-12-2025 ಅಂತ ಬರೆದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದು ಅಕ್ಷರವಾಗಿಯೇ ಉಳಿದು ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. 05-12-2025 ಬರೆದರೆ ಮಾತ್ರ ಅದು ಮೇ 12 ಆಗಿಬಿಡುತ್ತದೆ. 0 ಕೂಡ ಬರದೇ ಹೋಗಬಹುದು, ಡಿಕ್ಕಿಯೂ ಕಾಣುವುದಿಲ್ಲ. ಅದಕ್ಕೆ C, D ಕಾಲಂಗಳಿಗೆ `dd-mmm-yyyy` ಫಾರ್ಮ್ಯಾಟ್ ಕೊಡಿ, ತಿಂಗಳ ಹೆಸರು ಅಕ್ಷರದಲ್ಲಿ ಕಂಡರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಗೂಗಲ್ ಶೀಟ್ಸ್ ಆದರೆ File > Settings ಒಳಗೆ Locale ಅನ್ನು India ಮಾಡಿ. ಆಗಲೇ ಮೇ ಆಗಿರುವ ತಾರೀಖು ಇದರಿಂದ ತಾನಾಗಿ ಸರಿಯಾಗುವುದಿಲ್ಲ, ಮತ್ತೆ ಬರೆಯಬೇಕು.

ಮೆಷಿನ್ ಹೆಸರನ್ನೂ ಕೈಯಲ್ಲಿ ಬರೆಯಬೇಡಿ. ಕೊನೆಯಲ್ಲಿ ಒಂದು ಸ್ಪೇಸ್ ಜಾಸ್ತಿ ಬಿದ್ದರೂ ಶೀಟ್‌ಗೆ ಅದು ಮೂರನೇ ಮೆಷಿನ್! ಡ್ರಾಪ್‌ಡೌನ್ ಮಾಡಿಡಿ.

ಬಣ್ಣ ಬರಬೇಕಾದರೆ A2:D200 ಆರಿಸಿ, Conditional formatting ನಲ್ಲಿ ಇದನ್ನು ಕೊಡಿ:

```
=AND($A2<>"",$E2<>1)
```

0 ಬಂದ ಸಾಲೂ ಇದರಲ್ಲಿ ಕೆಂಪಾಗುತ್ತದೆ. ಬೇಕಂತಲೇ ಹಾಗೆ ಇಟ್ಟಿದ್ದೇನೆ.

ಮೆಷಿನ್ ಸಾಗಿಸಲು ಮಧ್ಯೆ ಒಂದು ದಿನ ಖಾಲಿ ಬಿಡಬೇಕಾದರೆ `"<="&$D2+1` ಮತ್ತು `">="&$C2-1` ಮಾಡಿದರೆ ಸಾಕು. ನಮ್ಮಲ್ಲಿ ಇದರ ಬಗ್ಗೆ ಇನ್ನೂ ಒಮ್ಮತ ಇಲ್ಲ. ಪಕ್ಕದ ಮನೆಗೇ ಹೋಗುವಾಗ ಒಂದು ದಿನ ಯಾಕೆ ಹಾಳು ಅಂತ ಕೆಲವರು, ಬೆಲ್ಟು ಬ್ಲೇಡು ನೋಡಲು ಬೇಕೇ ಬೇಕು ಅಂತ ಕೆಲವರು. ನಿಮ್ಮಲ್ಲಿ ಹೇಗೆ ಮಾಡುತ್ತೀರಿ?