ಇಂಗ್ಲಿಷಿನಿಂದ ಅಲ್ಲ, ಕನ್ನಡದಿಂದ ಫ್ರೆಂಚಿಗೆ ಹೋಗಿ

"ಅಕ್ಕಾ, ನಾನು ಮಂಗಳೂರಿನವಳು, ನರ್ಸ್. ಮುಂದಿನ ವರ್ಷ ಫ್ರಾನ್ಸಿನ ಲಿಯೋನಿಗೆ ಬರುತ್ತೇನೆ. ಇಲ್ಲಿ ಫ್ರೆಂಚ್ ಕ್ಲಾಸಿಗೆ ಸೇರಿದ್ದೇನೆ. ಸೋಮವಾರ ಕೆಲಸ, ಮನೆಯವರು, ಹವ್ಯಾಸ ಎಲ್ಲ ಹೇಳಿ ಪರಿಚಯ ಮಾಡಿಕೊಳ್ಳಬೇಕು. ಇಂಗ್ಲಿಷಲ್ಲಿ ಬರೆದು ಫ್ರೆಂಚಿಗೆ ತಿರುಗಿಸಿದರೆ ಸಾಕಾ?"

ಬೇಡ ಮಾರಾಯ್ತಿ, ಅಲ್ಲೇ ತಪ್ಪಾಗುವುದು. ಉಡುಪಿಯಿಂದ ಬಂದ ಹೊಸದರಲ್ಲಿ ನಾನೂ ಹಾಗೇ ಮಾಡಿದ್ದೆ. ವಯಸ್ಸು ಹೇಳುವಾಗ ಇಂಗ್ಲಿಷಿನ "ಐ ಆ್ಯಮ್ ಥರ್ಟಿ" ಹಿಡಿದು "ಜ಼ ಸ್ವಿ ತ್ರಾಂತಾಂ" ಅಂದೆ. ಟೀಚರ್ ಬೋರ್ಡಿನ ಮೇಲೆ "ಜ಼ ಸ್ವಿ" ಹೊಡೆದು ಹಾಕಿ "ಜ಼ೆ" ಬರೆದರು. ಫ್ರೆಂಚಲ್ಲಿ ವಯಸ್ಸು ನಾವು ಆಗಿರುವುದಲ್ಲ, ನಮಗೆ ಇರುವುದು. ನಾವು "ನನಗೆ ಮೂವತ್ತು ವರ್ಷ" ಅನ್ನುತ್ತೇವಲ್ವಾ, ಹತ್ತಿರ ಹತ್ತಿರ ಹಾಗೇ: "ಜ಼ೆ ತ್ರಾಂತಾಂ." ಮಕ್ಕಳಿಗೂ ಅದೇ "ಜ಼ೆ". ಇಬ್ಬರು ಮಕ್ಕಳಿದ್ದರೆ "ಜ಼ೆ ದ ಜ಼ಾಂಫಾಂ". ಎರಡು ಅನ್ನುವುದಕ್ಕೆ ಬರೀ "ದ", ಮಕ್ಕಳು ಅನ್ನುವುದಕ್ಕೆ "ಆಂಫಾಂ", ನಡುವಿನ ಆ ಜ಼ಕಾರ ಎರಡನ್ನೂ ಸೇರಿಸಿ ಹೇಳುವಾಗ ಮಾತ್ರ ಬರುತ್ತದೆ. ಅದನ್ನು ಬಿಟ್ಟರೆ ಕೇಳುವವರಿಗೆ ತಡವರಿಸಿದ ಹಾಗಾಗುತ್ತದೆ.

ಕೆಲಸದ್ದು ಇನ್ನೂ ಸುಲಭ. ಇಂಗ್ಲಿಷಿನ "ಐ ಆ್ಯಮ್ ಎ ನರ್ಸ್" ತಲೆಯಲ್ಲಿದ್ದರೆ "ಎ" ಜಾಗಕ್ಕೆ "ಯೂನ್" ಸೇರಿಸಿಬಿಡುತ್ತೀರಿ, ಅದು ಬೇಡ. "ನಾನು ನರ್ಸ್" ಅಂದ ಹಾಗೆ ಸುಮ್ನೆ "ಜ಼ ಸ್ವಿ ಆ್ಯಂಫಿರ್ಮ್ಯೇರ್" ಅಂದರೆ ಆಯಿತು. ಗಂಡಸಾದರೆ ಕೊನೆ "ಮ್ಯೇ". ಟೀಚರ್ "ಕೆಸ್ ಕ ವು ಫೆತ್ ದಾಂ ಲಾ ವೀ" ಅಂತ ಕೇಳಬಹುದು. ಒಂದೊಂದೇ ಪದ ಬಿಡಿಸಿದರೆ ಬದುಕಲ್ಲಿ ಏನು ಮಾಡುತ್ತೀರಿ ಅಂತಾಗುತ್ತದೆ, ಆದರೆ ಕೇಳುವುದು ಕೆಲಸದ ಬಗ್ಗೆ ಅಷ್ಟೇ, ಗಾಬರಿ ಬೇಡ.

ಮನೆಯವರ ವಿಷಯದಲ್ಲಿ ಕನ್ನಡ ಕೈಕೊಡುತ್ತದೆ. ನಮಗೆ ಎಲ್ಲದಕ್ಕೂ ಒಂದೇ "ನನ್ನ". ಅಲ್ಲಿ ಗಂಡನಿಗೆ "ಮೋಂ ಮಾರಿ", ಮಗಳಿಗೆ "ಮಾ ಫೀಯ್", ಮಗನಿಗೆ "ಮೋಂ ಫೀಸ್". ಹೇಳುವವಳು ಹೆಂಗಸು ಅಂತ "ಮಾ ಮಾರಿ" ಆಗುವುದಿಲ್ಲ, ಯಾರ ಬಗ್ಗೆ ಹೇಳುತ್ತೀರೋ ಅವರನ್ನು ನೋಡಿ ಹೇಳಬೇಕು. ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ.

ಹವ್ಯಾಸಕ್ಕೆ ನಾನು ಕಂಡುಕೊಂಡ ದಾರಿ ಹೇಳುತ್ತೇನೆ. "ಜ಼ೆಮ್" ಅಂದರೆ ನನಗೆ ಇಷ್ಟ. ಅದರ ಮುಂದೆ ವಸ್ತುವಿನ ಹೆಸರು ಬಂದರೆ "ಲ" ಅಥವಾ "ಲಾ" ಬೇಕು: "ಜ಼ೆಮ್ ಲ ಬ್ಯಾಡ್ಮಿಂಟನ್", "ಜ಼ೆಮ್ ಲಾ ಕ್ವಿಜ಼ೀನ್". ಯಾವುದಕ್ಕೆ ಯಾವುದು ಅಂತ ಶುರುವಿನಲ್ಲಿ ನೆನಪಿರುವುದಿಲ್ಲ. ಅದಕ್ಕೆ ಕ್ರಿಯಾಪದ ಹಾಕಿ. "ಅಡುಗೆ ಮಾಡೋದು ಇಷ್ಟ" ಅನ್ನುವ ಹಾಗೆ "ಜ಼ೆಮ್ ಕ್ವಿಜ಼ಿನೇ", ಓದೋದಾದರೆ "ಜ಼ೆಮ್ ಲೀರ್", ಈಜೋದಾದರೆ "ಜ಼ೆಮ್ ನಾಜ಼ೇ". ಲ, ಲಾ ಯಾವುದೂ ಬೇಡ.

ಇಲ್ಲಿ ಬರೆದ "ಜ಼" ನಮ್ಮ ಜಾಜಿಯ "ಜ" ಅಲ್ಲ. "ಜ಼ೆ", "ಜ಼ೆಮ್", "ನಾಜ಼ೇ" ಇವುಗಳಲ್ಲಿ ಅದು "ಶ" ಹೇಳುವಾಗಿನ ನಾಲಿಗೆಯಲ್ಲೇ ಗಂಟಲು ಕಂಪಿಸಿ ಬರುವ ಶಬ್ದ. "ಜ಼ಾಂಫಾಂ", "ಕ್ವಿಜ಼ೀನ್", "ಕ್ವಿಜ಼ಿನೇ" ಇವುಗಳಲ್ಲಿ ಮಾತ್ರ ಇಂಗ್ಲಿಷಿನ ಜ಼ೂ ಇದ್ದ ಹಾಗೆ. ಭಾನುವಾರ ಫೋನಿನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿ, ಅದು "ಜ" ಅಂತಲೇ ಕೇಳಿಸಿದರೆ ಮೊದಲು ಅದನ್ನು ಸರಿಮಾಡಿ.